ಅಜ್ಜನ ಕೋಣೆಯ ಸೊನ್ನೆಗಳು

'ವಸ್ತು' ಎಂಬ ಪದ ಕಂಡರೆ ಕನ್ನಡ ಮೇಷ್ಟರಿಗೆ ಮೈ ಉರಿಯುತ್ತಿತ್ತು. ಮಕ್ಕಳು ಬರೆದ ವರ್ಣನೆಯನ್ನು ಓದುತ್ತ ಬೋರ್ಡಿನ ಮೇಲೆ ಅದರ ಚಿತ್ರ ಬಿಡಿಸುವರು. 'ವಸ್ತು' ಬಂದಲ್ಲೆಲ್ಲ ಬರೀ ಸೊನ್ನೆ. ಆ ದಿನ ಒಬ್ಬ ಹುಡುಗಿ ವರ್ಣಿಸಿದ್ದ ಅಜ್ಜನ ಕೋಣೆಯ ತುಂಬ ಸೊನ್ನೆಗಳೇ ಆದವು. ತರಗತಿ ಗೊಳ್ಳೆಂದಿತು.

ಹುಡುಗಿ ಹಟಕ್ಕೆ ಬಿದ್ದು ತಿದ್ದತೊಡಗಿದಳು. ಮೇಜಿನ ಮೇಲಿನ ವಸ್ತು ರೇಡಿಯೊ ಆಯಿತು, ಬಾಗಿಲ ಹಿಂದಿನದು ಊರುಗೋಲು. ಮೇಷ್ಟರು ಒಂದೊಂದೇ ಸೊನ್ನೆ ಅಳಿಸಿ ಅವನ್ನು ಬಿಡಿಸಿದರು. ಕಿಟಕಿಯಲ್ಲಿದ್ದ ಲೋಟದೊಳಗಿನ ಸೊನ್ನೆ ಮಾತ್ರ ಉಳಿಯಿತು.

"ಅದನ್ನ ಬರೆದ್ರೆ ಅಜ್ಜ ಬೈತಾರೆ ಸರ್."

"ಬೈಸ್ಕೊ. ಆದ್ರೆ ಬರಿ."

ಅವಳು ಬರೆದಳು: 'ಲೋಟದ ನೀರಿನಲ್ಲಿ ಅಜ್ಜನ ಹಲ್ಲುಸೆಟ್ಟು.'

ಮೇಷ್ಟರು ಅದನ್ನೂ ಬಿಡಿಸಿ ಸೀಮೆಸುಣ್ಣ ಕೆಳಗಿಟ್ಟರು. "ಇಷ್ಟು ಹೊತ್ತೂ ಅದು ಯಾರದೋ ಕೋಣೆ. ಈಗ ಬಂದ್ರು ನೋಡು, ನಿಮ್ಮಜ್ಜ."