ಎಲ್ಲ ಸರಿಯಿದ್ದ ಕರಾರು

ಚಾಮರಾಜಪೇಟೆಯಲ್ಲಿ ನನ್ನ ವಕೀಲಿ ಕಚೇರಿ ಇರುವುದು ಮೊದಲ ಮಹಡಿಯಲ್ಲಿ. ಆ ಅಕ್ಕತಂಗಿಯರು ಮೊದಲ ಸಲ ಬಂದಾಗ ತಂಗಿ ಮೆಟ್ಟಿಲು ಹತ್ತಲಾಗದೆ ಆಟೋದಲ್ಲೇ ಕುಳಿತಿದ್ದರು. ನಾನೇ ಇಳಿದು ಹೋದೆ. ಅಕ್ಕ ಸರ್ಕಾರಿ ಶಾಲೆಯ ಟೀಚರ್. ಚಿಕ್ಕಂದಿನಲ್ಲೇ ಪೋಲಿಯೊ ಆಗಿದ್ದ ತಂಗಿ ಮನೆಯಲ್ಲಿ ಗಣಿತದ ಪಾಠ ಹೇಳುತ್ತಿದ್ದರು. ಐವತ್ತು ದಾಟಿದ ಮೇಲೆ ಅವರ ಒಳ್ಳೆಯ ಕಾಲೂ ಸೋಲತೊಡಗಿತ್ತು. ಬಾಡಿಗೆ ಮನೆ ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಗಾಂಧಿ ಬಜಾರ್ ಹಿಂದಿನ ರಸ್ತೆಯಲ್ಲಿ ಹಳೆಯ ಮನೆಯೊಂದನ್ನು ಕೆಡವಿ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಒಂದು ಫ್ಲ್ಯಾಟ್ ಕೊಳ್ಳಲು ಹೊರಟಿದ್ದರು. ಬಿಲ್ಡರ್ ಕೊಟ್ಟ ಕರಡು ಕರಾರು ಅಕ್ಕನ ಕೈಯಲ್ಲಿತ್ತು.

"ಲಿಫ್ಟ್ ಇದೆ ಅಂತ ಬರ್ದಿದ್ರೆ ಸಾಕು ಮೇಡಂ," ಎಂದು ತಂಗಿ ನಕ್ಕರು.

ಇಂಥ ಕರಾರುಗಳಿಗೆಂದೇ ನನ್ನ ಬಳಿ ಒಂದು ಚೆಕ್‌ಲಿಸ್ಟ್ ಇದೆ. ಮೊದಲು ನೋಡುವುದು ಜಾಗದ ಹಕ್ಕು. ಜಾಗ ಒಂದು ಕುಟುಂಬದ್ದು, ಕಟ್ಟುವವನು ಬಿಲ್ಡರ್. ಮೂಲಪತ್ರ, ಋಣಭಾರ ಪತ್ರ, ವಂಶವೃಕ್ಷ ಎಲ್ಲ ತರಿಸಿದೆ. ಜಾಗದ ಯಜಮಾನರಿಗೆ ಒಬ್ಬ ತಂಗಿ ಇದ್ದರು; ತಮ್ಮ ಪಾಲು ಬಿಟ್ಟುಕೊಟ್ಟು ಅವರು ನೋಂದಾಯಿಸಿದ್ದ ಬಿಡುಗಡೆ ಪತ್ರವೂ ಸಿಕ್ಕಿತು. ಹಕ್ಕಿನಲ್ಲಿ ಯಾವ ತಕರಾರೂ ಇಲ್ಲ, ಬಂದರೆ ಹೊಣೆ ತಮ್ಮದು ಎಂದು ಯಜಮಾನರು ಮತ್ತು ಬಿಲ್ಡರ್ ಇಬ್ಬರಿಂದಲೂ ಬರೆಸಿದೆ. ಬಿಲ್ಡರ್ ಹಾಕಿದ್ದ ಕಂತುಗಳು ತಿಂಗಳ ಲೆಕ್ಕದಲ್ಲಿದ್ದವು. ಅದನ್ನು ತೆಗೆದು, ಒಂದೊಂದು ಮಹಡಿಗೆ ಛಾವಣಿ ಹಾಕಿದ ಮೇಲೆ ಒಂದೊಂದು ಕಂತು ಎಂದು ಮಾಡಿಸಿದೆ. ಸ್ವಾಧೀನಕ್ಕೆ ಖಚಿತ ತಾರೀಖು ಹಾಕಿಸಿದೆ. ತಡವಾದರೆ ಬಿಲ್ಡರ್‌ಗೆ ಸಿಗುವ ವಿನಾಯಿತಿಯ ಸಾಲಿನಲ್ಲಿ ಯುದ್ಧ, ಪ್ರವಾಹ, ಭೂಕಂಪದ ಜೊತೆಗೆ ಸಾಮಗ್ರಿ ಕೊರತೆ, ಕೋರ್ಟ್ ಆದೇಶ ಎಂದೆಲ್ಲ ಸೇರಿಸಿದ್ದರು. ಅವೆರಡನ್ನೂ ಹೊಡೆದುಹಾಕಿದೆ.

"ಎಲ್ರೂ ಹಂಗೇ ಸೈನ್ ಮಾಡ್ತಾರೆ ಮೇಡಂ," ಎಂದ ಬಿಲ್ಡರ್.

"ಇವ್ರು ಮಾಡಲ್ಲ," ಎಂದೆ.

ಗೊಣಗಿಕೊಂಡೇ ಒಪ್ಪಿದ. ಕರಾರು ನೋಂದಣಿಯಾಯಿತು. ಅಕ್ಕ ಸಾಲ ತೆಗೆದರು.

ಎರಡು ಮಹಡಿ ಎದ್ದವು. ಆಮೇಲೆ ಯಜಮಾನರ ತಂಗಿ ಸಿವಿಲ್ ಕೋರ್ಟಿಗೆ ಹೋದರು. ಬಿಡುಗಡೆ ಪತ್ರಕ್ಕೆ ತಮ್ಮಿಂದ ಮೋಸದಿಂದ ಸಹಿ ಹಾಕಿಸಿಕೊಂಡಿದ್ದಾರೆ, ತಮ್ಮ ಪಾಲು ಬೇಕು ಎಂದು ದಾವೆ ಹೂಡಿದರು. ದಾವೆ ಮುಗಿಯುವವರೆಗೆ ಕಟ್ಟಡ ಇದ್ದ ಹಾಗೇ ಇರಬೇಕೆಂದು ಕೋರ್ಟ್ ಹೇಳಿತು. ಕಬ್ಬಿಣದ ಸರಳುಗಳು ಆಕಾಶಕ್ಕೆ ಚಾಚಿಕೊಂಡು ತುಕ್ಕು ಹಿಡಿಯತೊಡಗಿದವು. ಸ್ವಾಧೀನದ ತಾರೀಖು ಬಂತು, ಹೋಯಿತು.

ಅಕ್ಕ ಕಚೇರಿಗೆ ಬಂದು ನನ್ನೆದುರು ಕುಳಿತರು. "ನಾವು ಏನಾದ್ರೂ ಬಿಟ್ಬಿಟ್ವಾ ಮೇಡಂ?"

ನಾನು ಕರಾರನ್ನು ಮತ್ತೆ ಪೂರ್ತಿ ಓದಿದೆ. ಬಿಟ್ಟಿದ್ದು ಏನೂ ಇರಲಿಲ್ಲ. ಏನಾದರೂ ಸಿಕ್ಕಿದ್ದರೆ ಬಹುಶಃ ನನಗೆ ಸಮಾಧಾನವಾಗುತ್ತಿತ್ತು.

ದಾರಿ ಎರಡಿದೆ ಎಂದೆ. ಫ್ಲ್ಯಾಟ್ ಬೇಡ ಎಂದರೆ ಕಟ್ಟಿದ ಹಣ ಬಡ್ಡಿ ಸಮೇತ ವಾಪಸ್ ಕೇಳಬಹುದು. ಬೇಕು ಎಂದರೆ, ಕೈಗೆ ಬರುವವರೆಗೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು. ಹಕ್ಕೇ ದೋಷದ್ದು ಎಂದು ಸಾಬೀತಾದರೆ ಪರಿಹಾರವೂ ಉಂಟು, ಆದರೆ ಅದಕ್ಕೆ ದಾವೆ ತೀರ್ಮಾನವಾಗಬೇಕು.

"ವಾಪಸ್ ತಗೊಂಡ್ರೆ ಈ ಕಡೆ ಇನ್ನೊಂದು ಫ್ಲ್ಯಾಟ್ ಬರತ್ತಾ?"

ಇಷ್ಟರಲ್ಲಿ ಬೆಲೆಗಳು ಎಲ್ಲಿಗೋ ಹೋಗಿದ್ದವು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಎರಡನೆಯ ದಾರಿ ಹಿಡಿದರು.

ಫ್ಲ್ಯಾಟ್ ಕೊಂಡವರ ದೂರು ಕೇಳುವ ರೇರಾ ಪ್ರಾಧಿಕಾರದಲ್ಲಿ ಬಿಲ್ಡರ್‌ನ ವಕೀಲರು, ಕೋರ್ಟ್ ಆದೇಶ ಇರುವಾಗ ನಾವೇನು ಮಾಡುವುದು ಎಂದರು. ಕರಾರಿನಲ್ಲಿ ಆ ವಿನಾಯಿತಿ ಇಲ್ಲ ಎಂದು ನಾನು ತೋರಿಸಿದೆ. ಆದೇಶ ನಮ್ಮ ಕಡೆಗಾಯಿತು. ಅವತ್ತು ಅಕ್ಕ ಗಾಂಧಿ ಬಜಾರ್‌ನಿಂದ ನನಗೆ ಒಂದು ಮೊಳ ಮಲ್ಲಿಗೆ ತಂದುಕೊಟ್ಟರು.

ಬಡ್ಡಿ ಮಾತ್ರ ಬರಲಿಲ್ಲ. ಬಿಲ್ಡರ್ ಕೊಡದಿದ್ದುದರಿಂದ, ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿ ಎಂದು ಪ್ರಾಧಿಕಾರ ಕಂದಾಯ ಇಲಾಖೆಗೆ ಬರೆಯಿತು. ತಾಲ್ಲೂಕು ಕಚೇರಿಯಲ್ಲಿ ಅಂಥ ಕಡತಗಳ ರಾಶಿಯೇ ಇತ್ತು. "ಜಪ್ತಿ ಮಾಡೋಕೆ ಅವರ ಹೆಸರಲ್ಲಿ ಆಸ್ತಿ ಸಿಗ್ಬೇಕಲ್ಲ ಮೇಡಂ. ಹುಡುಕ್ತಿದೀವಿ," ಎಂದರು ಅಲ್ಲಿಯವರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮುಂದಿನ ತಿಂಗಳು ಹೋದಾಗಲೂ ಅದನ್ನೇ ಹೇಳಿದರು.

ಆ ಮಳೆಗಾಲದಲ್ಲಿ ತಂಗಿ ಮೆಟ್ಟಿಲಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೋಡಲು ಹೋದೆ. ಆಸ್ಪತ್ರೆಗೆ ಸಾಗಿಸಲು ಕೆಳಮನೆಯವರು ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಳಿಸಿದ್ದರಂತೆ. ಮಂಚದ ಸುತ್ತ ಪಾಠಕ್ಕೆ ಬರುವ ಮಕ್ಕಳ ಚಾಪೆಗಳನ್ನು ಸುತ್ತಿಟ್ಟಿದ್ದರು.

"ನೀವ್ಯಾಕೆ ಮುಖ ಸಣ್ಣ ಮಾಡ್ಕೊಂಡಿದೀರಾ? ಕೇಸ್ ಗೆದ್ದಿದೀವಲ್ಲ," ಎಂದರು ತಂಗಿ. ಅಕ್ಕ ಕಾಫಿ ತಂದಿಟ್ಟು ಒಳಗೆ ಹೋದವರು ತುಂಬ ಹೊತ್ತು ಹೊರಗೆ ಬರಲಿಲ್ಲ.

ಈಗ ಅವರು ಕಲಾಸಿಪಾಳ್ಯದ ಹತ್ತಿರ ನೆಲಮಹಡಿಯ ಮನೆಯಲ್ಲಿದ್ದಾರೆ. ಒಂದೇ ಕೋಣೆ, ಬೆಳಗಿನ ಜಾವದಿಂದಲೇ ಬಸ್ಸುಗಳ ಸದ್ದು. ಬಾಡಿಗೆ, ಸಾಲದ ಕಂತು ಎರಡೂ ಅಕ್ಕನ ಸಂಬಳದಲ್ಲೇ ಹೋಗುತ್ತವೆ. ದಾವೆ ಇನ್ನೂ ಸಾಕ್ಷಿ ವಿಚಾರಣೆಯ ಹಂತದಲ್ಲಿದೆ. ತಾಲ್ಲೂಕು ಕಚೇರಿಗೆ ನಾನು ತಿಂಗಳಿಗೊಮ್ಮೆ ಹೋಗುತ್ತೇನೆ. ಬಂದ ಮೇಲೆ, ಇನ್ನೂ ಹುಡುಕುತ್ತಿದ್ದಾರಂತೆ ಎಂದು ಅಕ್ಕನಿಗೆ ಫೋನ್ ಮಾಡಿ ಹೇಳುತ್ತೇನೆ. ಅವರು "ಸರಿ ಮೇಡಂ, ಊಟ ಆಯ್ತಾ?" ಎನ್ನುತ್ತಾರೆ.