ತಂಗಿ ಕೊಟ್ಟ ರಕ್ತ

ನನ್ನ ತಂಗಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದಳು. ಬಟ್ಟೆಯ ಸುಕ್ಕು ತೆಗೆದ ಹಾಗೆ ಮನುಷ್ಯರ ಸೊಕ್ಕನ್ನೂ ತೆಗೆಯುವವಳು. ಅಂಗಿ ಸುಟ್ಟಿದೆ ಎಂದು ಕೂಗಾಡಲು ಬಂದವನಿಗೆ, "ಒಳಗಿರೋ ಮನುಷ್ಯನೇ ಸೀದುಹೋಗಿದ್ದಾನೆ, ಅಂಗಿದೇನು ಬಿಡಿ" ಎಂದಿದ್ದಳು.

ಅವಳಿಗೆ ಹೊಟ್ಟೆ ಉಬ್ಬರ ಶುರುವಾದಾಗ ನಮ್ಮಕ್ಕ, "ಗ್ಯಾಸು ಕಣೆ, ಬಿಸಿನೀರು ಕುಡಿ" ಎಂದಳು. ಅಂಡಾಶಯದ ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಹೊಟ್ಟೆಯೆಲ್ಲ ಹರಡಿತ್ತು. ಅಂದಿನಿಂದ ತಂಗಿ ಅಕ್ಕನೊಡನೆ ಮಾತು ಬಿಟ್ಟಳು.

ಅಮ್ಮನೂ ಚಿಕ್ಕಮ್ಮನೂ ಸ್ತನ ಕ್ಯಾನ್ಸರಿಗೆ ಹೋದವರು. ಆಸ್ಪತ್ರೆಯ ಕೌನ್ಸೆಲರ್ ಮೇಡಂ ಅದನ್ನೆಲ್ಲ ಕೇಳಿ ಬರೆದುಕೊಂಡು ಅಕ್ಕನಿಗೆ ಹೇಳಿದರು: "ಮೊದಲು ಕಾಯಿಲೆ ಬಂದವರ ರಕ್ತ ನೋಡ್ಬೇಕು. ಅವರ ಜೀನ್‌ನಲ್ಲಿ ದೋಷ ಸಿಕ್ಕಿದ್ರೆ ಅದನ್ನೇ ನಿಮ್ಮಲ್ಲಿ ಹುಡುಕಬಹುದು. ಇಲ್ಲದಿದ್ರೆ ನಿಮ್ಮದು ಸರಿಯಾಗಿದೆ ಅಂತ ಬಂದ್ರೂ ಪೂರ್ತಿ ನಂಬೋ ಹಾಗಿಲ್ಲ."

ತಂಗಿ ಒಪ್ಪಲಿಲ್ಲ. "ಇಷ್ಟು ದಿನ ನನ್ನ ರಕ್ತ ಹೀರಿದ್ದು ಸಾಲ್ದಾ ಅವಳಿಗೆ?"

ನನಗೆ ಪಿತ್ತ ನೆತ್ತಿಗೇರಿತು. "ಅಕ್ಕನೂ ಸಾಯ್ಲಿ ಅಂತಾನಾ?" ಎಂದು ವಾರ್ಡು ನಡುಗುವಂತೆ ಕಿರುಚಿದೆ. ಮೇಡಂ ನನ್ನನ್ನು ಹೊರಗೆ ಕಳಿಸಿದರು. ತಂಗಿಗೆ ಅವರು ಹೇಳಿದ್ದು ಬಾಗಿಲಾಚೆಗೂ ಕೇಳಿತು: "ಕೊಡಲೇಬೇಕು ಅಂತ ಏನಿಲ್ಲಮ್ಮ. ಬೇಡ ಅನ್ನೋದೂ ನಿಮ್ಮ ಹಕ್ಕು. ನಾನು ಯಾರ ಪರವಾಗಿಯೂ ಬಂದಿಲ್ಲ."

ಆಮೇಲೆ ತಂಗಿ, "ಸೂಜಿ ತನ್ನಿ. ಆ ಕೂಗುಮಾರಿ ಅಣ್ಣ ಮಾತ್ರ ಒಳಗೆ ಬರೋದು ಬೇಡ" ಎಂದಳು.

ಅವಳಲ್ಲಿ ದೋಷ ಸಿಕ್ಕಿತು. ಅದೇ ದೋಷ ಅಕ್ಕನಲ್ಲೂ ಇತ್ತು. ಅಂಡಾಶಯದ ಕ್ಯಾನ್ಸರನ್ನು ಬೇಗ ಹಿಡಿಯಬಲ್ಲ ನಂಬಬಹುದಾದ ಪರೀಕ್ಷೆ ಇಲ್ಲ, ಅಕ್ಕನಿಗೆ ಮಕ್ಕಳಾಗಿರುವುದರಿಂದ ಅಂಡಾಶಯವನ್ನೂ ಅಂಡನಾಳಗಳನ್ನೂ ತೆಗೆಸುವುದು ಒಳ್ಳೆಯದು ಎಂದರು ಡಾಕ್ಟರು. ಸ್ತನಗಳ ವಿಷಯದಲ್ಲಿ ಎರಡು ದಾರಿ: ಅವನ್ನೂ ತೆಗೆಸುವುದು, ಇಲ್ಲವೇ ವರ್ಷವರ್ಷ ಸ್ಕ್ಯಾನ್ ಮಾಡಿಸಿ ಕಾಯುವುದು. ಅಕ್ಕ ಅಂಡಾಶಯ ತೆಗೆಸುವುದಕ್ಕೆ ಮಾತ್ರ ಸಹಿ ಹಾಕಿದಳು.

ಆಪರೇಷನ್ ಆಯಿತು. ಮುಟ್ಟು ಒಮ್ಮೆಲೇ ನಿಂತು ಮೈಯೆಲ್ಲ ಬೆಂಕಿ, ಬೆವರು. ಹೊಲಿಗೆ ಹಿಡಿದುಕೊಂಡೇ ಅವಳು ತಂಗಿಯ ಹಾಸಿಗೆಯ ಬಳಿ ಬಂದಳು.

"ತೆಗೆದಿದ್ದರಲ್ಲಿ ಏನಿತ್ತಂತೆ?" ಅಷ್ಟು ತಿಂಗಳ ಮೇಲೆ ತಂಗಿ ಆಡಿದ ಮೊದಲ ಮಾತು.

"ಏನೂ ಇರ್ಲಿಲ್ವಂತೆ ಕಣೆ."

"ಹಾಗಾದ್ರೆ ಅಳ್ತಾ ನಿಲ್ಬೇಡ. ಕೂತ್ಕೋ."

ಆ ತಿಂಗಳೇ ತಂಗಿ ಹೋದಳು. ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದರಿಂದ ಹೆಣ ಎತ್ತಲು ಅಕ್ಕನಿಗೆ ಕೈಜೋಡಿಸಲಾಗಲಿಲ್ಲ. ಬರೀ ಮುಖ ಒರೆಸಿದಳು.

ಗಂಡಸಿಗೂ ಈ ದೋಷ ಬಂದಿರಬಹುದು, ಅವನಿಂದ ಮಕ್ಕಳಿಗೂ ದಾಟಬಹುದು ಎಂದು ಮೇಡಂ ಹೇಳಿದ್ದಾರೆ. ನನಗೆ ಒಬ್ಬಳೇ ಮಗಳು. ನಿನ್ನೆ ರಕ್ತ ಕೊಟ್ಟು ಬಂದೆ. ಕೂಗಾಡಲಿಲ್ಲ.