ಅರ್ಧ ನಿಮಿಷ ತಡವಾಗಿ ಕೇಳುವ ಮಾವ

ನಾನೂ ನನ್ನ ದೋಸ್ತನೂ ಗೋಕಾಕದಲ್ಲಿ ಮದುವೆ ಶೂಟಿಂಗ್ ಮಾಡುವವರು. ಅವತ್ತು ಮೂಡಲಗಿಯಲ್ಲಿ ಕುರಿ ಸಾಕುವವರ ಸಮ್ಮೇಳನ. ನೇರಪ್ರಸಾರದ ಕೆಲಸ ನಮ್ಮದು. ಒಂದು ಕ್ಯಾಮೆರಾ ಭಾಷಣಕಾರರ ಮುಖಕ್ಕೆ, ಇನ್ನೊಂದು ಸಭೆಗೆ. ಯಾವ ಚಿತ್ರ ಹೋಗಬೇಕೆಂದು ಸ್ವಿಚರ್‌ನ ಗುಂಡಿ ಒತ್ತುವವನು ನಾನು. ಲ್ಯಾಪ್‌ಟಾಪು, ಇಂಟರ್‌ನೆಟ್ಟು ಅವನ ಪಾಲು.

ಲಸಿಕೆಯ ಬಗ್ಗೆ ಮಾತಾಡಬೇಕಾದವಳು ನನ್ನ ಸ್ವಂತ ಅಕ್ಕ. ಅವಳ ಗಂಡ, ಅಂದರೆ ನಮ್ಮ ಮಾವ, ಸೂಜಿ ಹಾಕಿದರೆ ಗಬ್ಬದ ಕುರಿ ಕಂದು ಹಾಕುತ್ತವೆ, ಗರ್ಭ ಇಳಿದುಹೋಗುತ್ತದೆ ಎಂದು ಹಟ ಹಿಡಿದಿದ್ದ. ಅವತ್ತು ಅವನು ಕಣಗಲಾ ಕಡೆ ಕುರಿ ಮೇಯಿಸುತ್ತ, ಮೊಬೈಲಿನಲ್ಲಿ ನಮ್ಮ ಪ್ರಸಾರ ನೋಡುತ್ತಿದ್ದ.

“ಮನ್ಯಾಗ ನಡೀದ ಮಾತ ಮಂದಿಗಿ ಹೆಂಗ ಹೇಳ್ಲೋ ತಮ್ಮಾ?” ಎಂದು ಅಕ್ಕ ಬೆಳಿಗ್ಗೆಯಿಂದ ಗೋಳಾಡುತ್ತಿದ್ದಳು.

ಅಷ್ಟರಲ್ಲಿ ಕರೆಂಟು ಹೋಯಿತು. ಸಭಾಭವನಕ್ಕೆ ಜನರೇಟರ್ ಇತ್ತು. ನಮಗೆ ನೆಟ್ ಕೊಡುವ ಬೀದಿಯ ಪೆಟ್ಟಿಗೆಗೆ ಇರಲಿಲ್ಲ. ಕೂಡಲೇ ದೋಸ್ತನ ಮೊಬೈಲ್ ಹಾಟ್‌ಸ್ಪಾಟಿಗೆ ಹಾರಿದೆವು, ಚಿತ್ರದ ಗುಣಮಟ್ಟ ಇಳಿಸಿದೆವು. ಅವನ ಫೋನಿನಲ್ಲಿ ಎರಡು ಸಿಮ್. ಒಂದರಲ್ಲಿ ನೆಟ್, ಇನ್ನೊಂದು ನಮ್ಮ ಸ್ಟುಡಿಯೋ ಅಂಗಡಿಯ ನಂಬರು. ಅಂಗಡಿಯ ನಂಬರಿನಲ್ಲಿ ಮಾತಾಡಿದಷ್ಟು ಹೊತ್ತು ನೆಟ್ ನಿಲ್ಲುತ್ತದೆ. ಚಿತ್ರ ನಿಂತಿತೆಂದು ಜನ ಫೋನ್ ಮಾಡುವುದು, ಈ ಮಹಾಶಯ ಎತ್ತಿ “ಆರಾಮ್ ಅದೀರೇನ್ರಿ? ಊಟಾ ಆತೇನ್ರಿ?” ಎನ್ನುವುದು, ಚಿತ್ರ ಮತ್ತೆ ನಿಲ್ಲುವುದು. ನನಗೆ ಮೈಯೆಲ್ಲ ಉರಿಯಿತು.

“ಫೋನ್ ಎತ್ತಬ್ಯಾಡಲೇ!”

“ಹಿರ್ಯಾರ ಮಾಡ್ಯಾರ. ಎತ್ತಲಿಲ್ಲಂದ್ರ ಏನ್ ತಿಳ್ಕೋತಾರ?”

ಬೈದು ಒಪ್ಪಿಸಿದೆ. ಚಿತ್ರ ಸರಿಯಾಗುವುದಕ್ಕೂ ಅಕ್ಕ ಮೈಕಿನ ಮುಂದೆ ನಿಲ್ಲುವುದಕ್ಕೂ ಸರಿಹೋಯಿತು. ಮುಖದ ಕ್ಯಾಮೆರಾ ಒತ್ತಿದೆ. ಅಕ್ಕ ಭಾಷಣ ಬಿಟ್ಟು ನೇರ ಕ್ಯಾಮೆರಾವನ್ನೇ ನೋಡಿದಳು.

“ಕೇಳಾಕತ್ತೀರೇನ್ರಿ? ನಮ್ಮ ಕುರಿಗಿ ಲಸಿಕಿ ಹಾಕ್ಸೂಣೇನು? ನೀವು ಹೂಂ ಅಂದ್ರ ನಾ ಮುಂದ ಮಾತಾಡ್ತೇನಿ. ಇಲ್ಲಂದ್ರ ಕುಂದರ್ತೇನಿ.”

ನಮ್ಮ ಪ್ರಸಾರ ಅರ್ಧ ನಿಮಿಷ ಹಿಂದಿರುತ್ತದೆ. ಅವಳ ಮಾತು ಮಾವನಿಗೆ ಇನ್ನೂ ಮುಟ್ಟಿರಲಿಲ್ಲ. ಅದು ಅಕ್ಕನಿಗೆ ಗೊತ್ತಿಲ್ಲ. ಅವಳ ಮುಖ ಬಾಡತೊಡಗಿತು, ಕುರ್ಚಿಯ ಕಡೆ ತಿರುಗಿದಳು. ನಿಲ್ಲು ನಿಲ್ಲು ಎಂದು ಕೈ ಮಾಡಿದೆ.

ಫೋನ್ ಹೊಡೆದುಕೊಂಡಿತು. ಮಾವ. ದೋಸ್ತ ನನ್ನ ಮುಖ ನೋಡಿದ. ಎತ್ತಿದರೆ ನೋಡುವವರಿಗೆಲ್ಲ ಪ್ರಸಾರ ಬಂದ್.

“ಎತ್ತಲೇ,” ಎಂದೆ.

ಅವನು ಫೋನ್ ಎತ್ತಿ ವೇದಿಕೆಗೆ ಓಡಿ ಮೈಕಿಗೆ ಹಿಡಿದ. ಕುರಿಗಳ ಸದ್ದಿನ ನಡುವೆ ಮಾವನ ದನಿ ಭವನಕ್ಕೆಲ್ಲ ಕೇಳಿತು.

“ಕೇಳಿಸ್ತು. ಡಾಕ್ಟರನ್ನ ಕರ್ಸು. ಗಬ್ಬದವನ್ನ ನಾನ ಹಿಡ್ಕೋತೇನಿ. ಕುಂದರಬ್ಯಾಡ, ಮಾತಾಡು.”

ಚಪ್ಪಾಳೆ ಬಿತ್ತು. ಹೊರಗಿನವರಿಗೆ ಅದೊಂದೂ ಕಾಣಲಿಲ್ಲ, ಮಾವನಿಗೂ ಕೂಡ. ಫೋನ್ ಇಟ್ಟ ಮೇಲೆ ನೆಟ್ ಹಿಡಿಯಿತು, ಅಕ್ಕ ಸೆರಗು ಸರಿಪಡಿಸಿಕೊಂಡಳು.

“ನಾವು ನಮ್ಮ ಹಿಂಡಿಗಿ ಲಸಿಕಿ ಹಾಕ್ಸಾವರದೇವಿ,” ಎಂದಳು. “ಯಾಕಂತ ಹೇಳ್ತೇನಿ, ಕೇಳ್ರಿ.”